ಡೀಸೆಲ್ ನಿಮ್ಮದು, ಸರ್ವಿಸ್ ನನ್ನದು

ಜುಲೈ 2, 2025, ಬುಧವಾರ. ಸಾಗರ

ಆಷಾಢ ಹಿಡಿದ ಮೇಲೆ ಕಲ್ಯಾಣ ಮಂಟಪದ ಯಜಮಾನರಿಗೆ ಪುರುಸೊತ್ತು. ಸೀಸನ್ನಿನಲ್ಲಾಗಿದ್ದರೆ ನನ್ನನ್ನು ಹೀಗೆ ಕೂರಿಸಿ ಕಾಫಿ ಕೊಡುವ ಮಾತೇ ಇರಲಿಲ್ಲ. ಊಟದ ಹಾಲಿನಲ್ಲಿ ಕುರ್ಚಿಗಳನ್ನು ಪೇರಿಸಿ ತಾಡಪಾಲು ಹೊದೆಸಿದ್ದರು. ಹೊರಗೆ ಬಿಡದೆ ಮಳೆ.

"ನಮ್ಮ ವೆಬ್‌ಸೈಟನ್ನ ಯಾರೋ ಹ್ಯಾಕ್ ಮಾಡಿದಾರೆ ಮಾರಾಯ, ನೋಡು" ಎಂದು ಫೋನು ಚಾಚಿದರು. ಮಂಟಪದ ಫೋಟೊ ಇರಬೇಕಾದ ಜಾಗದಲ್ಲಿ ಯಾವುದೋ ಜಾಹೀರಾತುಗಳ ಸಾಲು. ಮೇಲ್ಗಡೆ ಸಣ್ಣಕ್ಷರದಲ್ಲಿ, ಈ ಡೊಮೇನಿನ ಅವಧಿ ಮುಗಿದಿದೆ ಎಂಬ ಸೂಚನೆ. ಹ್ಯಾಕೂ ಇಲ್ಲ, ಏನೂ ಇಲ್ಲ. ನಾಲ್ಕು ವರ್ಷದ ಹಿಂದೆ ಸೈಟು ಮಾಡಿಕೊಟ್ಟವನು ಈ ಸಲ ಹೆಸರಿಗೆ ದುಡ್ಡು ಕಟ್ಟಿಲ್ಲ, ಅಷ್ಟೆ.

ಮನೆಗೆ ಬಂದು lookup.icann.org ನಲ್ಲಿ ಹೆಸರು ಹಾಕಿ ನೋಡಿದೆ. ಒಂದು ಕ್ಷಣ ನಾನೂ ಮೋಸಹೋದೆ. ರಿಜಿಸ್ಟ್ರಿಯ ಲೆಕ್ಕದಲ್ಲಿ ಅವಧಿ 2026ರ ಜೂನ್ 9ರವರೆಗೆ ಎಂದಿದೆ! .com ಹೆಸರುಗಳ ಕತೆಯೇ ಹಾಗೆ. ಅವಧಿ ಮುಗಿದ ದಿನ ರಿಜಿಸ್ಟ್ರಿ ತಾನಾಗಿಯೇ ಒಂದು ವರ್ಷ ಮುಂದಕ್ಕೆ ಹಾಕಿಬಿಡುತ್ತದೆ. ಹೆಸರನ್ನು ನಮಗೆ ಮಾರಿದ ರಿಜಿಸ್ಟ್ರಾರ್ ಕಂಪನಿ 45 ದಿನದೊಳಗೆ ಬೇಡವೆಂದರೆ ರದ್ದು. ಹಾಗಾಗಿ ಆ ತಾರೀಖನ್ನು ನಂಬಬಾರದು. ಕೆಳಗೆ autoRenewPeriod ಎಂಬ ಸ್ಥಿತಿ ಇದೆಯೇ, ರಿಜಿಸ್ಟ್ರಾರ್ ಕೊಡುವ ತಾರೀಖು ಬೇರೆಯಿದೆಯೇ ಎಂದು ನೋಡಬೇಕು. ಎರಡೂ ಇದ್ದವು. ನಿಜವಾಗಿ ಮುಗಿದದ್ದು 2025ರ ಜೂನ್ 9ಕ್ಕೆ. ಇವತ್ತಿಗೆ 23 ದಿನ.

ಈ ಗಡುವಿನಲ್ಲಿ ಮಾಮೂಲಿ ದರ ಕಟ್ಟಿದರೆ ಹೆಸರು ಉಳಿಯುತ್ತದೆ. ಆದರೆ ಕಂಪನಿಗಳು ಪೂರಾ 45 ದಿನ ಕಾಯಬೇಕೆಂದಿಲ್ಲ. ಅವರು ಕೈಬಿಟ್ಟರೆ ಸ್ಥಿತಿ redemptionPeriod ಆಗುತ್ತದೆ. ಅದು 30 ದಿನ. ಆಗ ಬಿಡಿಸಿಕೊಳ್ಳಲು ವರ್ಷದ ದರದ ಹಲವು ಪಟ್ಟು ತೆರಬೇಕು. ಅದೂ ಕಳೆದರೆ ಐದು ದಿನ pendingDelete, ಆ ಐದು ದಿನ ಯಾರೂ ಏನೂ ಮಾಡುವ ಹಾಗಿಲ್ಲ. ಆಮೇಲೆ ಹೆಸರು ಬೀದಿಗೆ, ಮೊದಲು ಎತ್ತಿಕೊಂಡವನಿಗೆ.

"ಬೇರೆ ಹೆಸರು ತಗೊಂಡರಾಯ್ತಪ್ಪ" ಅಂದಿದ್ದರು ಯಜಮಾನರು. ಸೊಸೆ ಒಪ್ಪಲಿಲ್ಲ. "ಮಾವ, ಈ ಯುಗಾದಿಗೆ ಹಂಚಿದ ಕ್ಯಾಲೆಂಡರು ಸಾವಿರದೈನೂರು. ಎಲ್ಲದರ ಮೇಲೂ ಆ ಹೆಸರೇ ಇದೆ. ಗೇಟಿನ ಬೋರ್ಡಿನ ಮೇಲೂ ಇದೆ." ಆ ಮನೆಯಲ್ಲಿ ಲೆಕ್ಕ ಯಾರ ಕೈಯಲ್ಲಿದೆ ಎಂದು ಆಗ ತಿಳಿಯಿತು.

ಜುಲೈ 3, ಗುರುವಾರ

ಕ್ಯಾಲೆಂಡರು ಅಚ್ಚು ಹಾಕಿದ ಪ್ರೆಸ್ಸಿನವರ ಮೂಲಕ ಹಳೆಯ ಸೈಟಿನವನ ನಂಬರು ಸಿಕ್ಕಿತು. ಈಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಕೆಟ್ಟವನೇನಲ್ಲ. ಪ್ರತಿ ವರ್ಷ ಆರು ಸಾವಿರದ ಬಿಲ್ ಕಳಿಸುತ್ತಿದ್ದನಂತೆ, ಒಂದೇ ಸಾಲು: "ವಾರ್ಷಿಕ ಶುಲ್ಕ". ಹೋದ ವರ್ಷ ಯಜಮಾನರು, ಇದು ಯಾತರ ಶುಲ್ಕ ಎಂದು ಕೇಳಿದ್ದಾರೆ. ಇವನಿಗೆ ಬಿಡಿಸಿ ಹೇಳುವಷ್ಟು ತಾಳ್ಮೆ ಇರಲಿಲ್ಲ. ಅವರು ಕಟ್ಟಲಿಲ್ಲ, ಇವನು ಒಂದು ವರ್ಷ ಕೈಯಿಂದ ಹಾಕಿ ಈ ವರ್ಷ ಬಿಟ್ಟ.

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ತಪ್ಪು ಒಂದೇ, ಹೆಸರನ್ನು ತನ್ನ ಖಾತೆಯಲ್ಲಿ ತನ್ನ ಹೆಸರಿಗೇ ತೆಗೆದುಕೊಂಡದ್ದು. ನಾನೂ ಮೊದಲ ಎರಡು ಗಿರಾಕಿಗಳಿಗೆ ಹಾಗೇ ಮಾಡಿದ್ದೆ, ಸಲೀಸು ಎಂದು. ಅಂಗಡಿ ಅವರದು, ಪಹಣಿ ನನ್ನ ಹೆಸರಿಗೆ.

ಜುಲೈ 5, ಶನಿವಾರ

ಯಜಮಾನರು ಅವನ ಹಳೇ ಬಾಕಿ ತೀರಿಸಿದರು. ಅವನು ಸಂಜೆಯೇ ಡೊಮೇನ್ ನವೀಕರಿಸಿದ. ಹೋಸ್ಟಿಂಗ್ ಹೋಗಿಯೇ ಬಿಟ್ಟಿದೆ, ಹಳೆಯ ಪುಟಗಳ ಬ್ಯಾಕಪ್ ಇಲ್ಲ. ಹೋಗಲಿ, ಅದರಲ್ಲಿ ಕಾಯ್ದಿಡುವಂಥದ್ದೇನೂ ಇರಲಿಲ್ಲ.

ಜುಲೈ 8, ಮಂಗಳವಾರ

ಇವತ್ತು ದರದ ಮಾತು. ನನಗೆ ಸೈಟು ಮಾಡುವುದಕ್ಕಿಂತ ಇದೇ ಕಷ್ಟದ ಕೆಲಸ.

ಮಂಟಪಕ್ಕೆ ಬೇಕಾದದ್ದು ನಾಲ್ಕು ಪುಟ. ಹಾಲು ಮತ್ತು ಊಟದ ಮನೆಯ ಫೋಟೊ; ಎಷ್ಟು ಜನ ಹಿಡಿಯುತ್ತದೆ, ಒಂದು ಪಂಕ್ತಿಗೆ ಎಷ್ಟು ಎಲೆ, ಎಷ್ಟು ರೂಮು ಎಂಬ ವಿವರ; ಯಾವ ದಿನ ಖಾಲಿಯಿದೆ ಎಂಬುದು; ದಾರಿ ಮತ್ತು ಫೋನು. ದುಡ್ಡು ಕಟ್ಟಿಸಿಕೊಳ್ಳುವ ಸೌಲಭ್ಯ ಬೇಡ, ಮಂಟಪವನ್ನು ಯಾರೂ ನೋಡದೆ ಅಡ್ವಾನ್ಸ್ ಕೊಡುವುದಿಲ್ಲ. ಇಷ್ಟಕ್ಕೆ ಗೂಗಲ್ ಸೈಟ್ಸ್ ಸಾಕು ಎಂದು ನಿರ್ಧರಿಸಿದೆ. ಅದಕ್ಕೆ ಬಾಡಿಗೆಯಿಲ್ಲ, ಸ್ವಂತ ಡೊಮೇನ್ ಜೋಡಿಸಬಹುದು, ಕ್ಯಾಲೆಂಡರ್ ಮತ್ತು ಮ್ಯಾಪ್ ಎಳೆದು ಕೂರಿಸಿದರಾಯಿತು. ವಿನ್ಯಾಸದಲ್ಲಿ ಮಾತ್ರ ಅದು ಕೊಟ್ಟಷ್ಟೇ, ನಮ್ಮ ಆಟ ನಡೆಯದು. ಅಂಗಡಿ, ಕಾರ್ಟು ಬೇಕಾದವರನ್ನು ಅಲ್ಲಿಗೆ ಕರೆದೊಯ್ಯಬಾರದು.

ಮಾಡಿಕೊಡಲು ಹತ್ತು ಸಾವಿರ ಹೇಳಿದೆ. ಫೋಟೊ ತೆಗೆಯಲು ಎರಡು, ಕನ್ನಡ ಮತ್ತು ಇಂಗ್ಲಿಷಿನಲ್ಲಿ ಬರಹಕ್ಕೆ ಎರಡು, ಉಳಿದ ಆರು ಕಟ್ಟುವ ಕೆಲಸಕ್ಕೆ. ಯಜಮಾನರು ಎಂಟಕ್ಕೆ ಕೇಳಿದರು. ಫೋಟೊ ನೀವೇ ತೆಗೆಸಿಕೊಟ್ಟರೆ ಎಂಟು ಅಂದೆ. ಮಾತಾಡಲಿಲ್ಲ. ಸುಮ್ಮನೆ ದರ ಇಳಿಸುವುದಕ್ಕಿಂತ ಒಂದು ಕೆಲಸ ಇಳಿಸುವುದು ಮೇಲು ಎಂದು ನಾನು ತಡವಾಗಿ ಕಲಿತದ್ದು.

ಜಗಳ ಬಂದದ್ದು ವರ್ಷದ ಲೆಕ್ಕಕ್ಕೆ. "ಸೈಟಿಗೆ ಬಾಡಿಗೆಯಿಲ್ಲ ಅಂತ ನೀನೇ ಹೇಳಿದೆ. ಮತ್ತೆ ವರ್ಷಾ ವರ್ಷಾ ಕೊಡೋದು ಯಾತಕ್ಕೆ? ಗೋಡೆ ಕಟ್ಟಿದವನಿಗೆ ವರ್ಷಾ ವರ್ಷಾ ಕೂಲಿ ಕೊಡ್ತೀವಾ?"

ನಾನು ಏನೇನೋ ಹೇಳಿದೆ. 2024ರ ಮಾರ್ಚಿನಲ್ಲಿ ಗೂಗಲ್ ತನ್ನ ಬಿಸಿನೆಸ್ ಪ್ರೊಫೈಲಿನೊಳಗೆ ಪುಕ್ಕಟೆ ಕೊಟ್ಟಿದ್ದ business.site ಪುಟಗಳನ್ನು ಮುಚ್ಚಿದ್ದು, ಜೂನ್ 10ರ ನಂತರ ಆ ವಿಳಾಸಗಳು ಎಲ್ಲಿಗೂ ಹೋಗದೆ ನಿಂತದ್ದು, ನಮ್ಮ ಪೇಟೆಯಲ್ಲೇ ಅಂಥ ವಿಳಾಸ ಅಚ್ಚು ಹಾಕಿಸಿದ ಕವರುಗಳು ಇನ್ನೂ ಓಡಾಡುತ್ತಿರುವುದು. ಯಜಮಾನರು ತಲೆಯಾಡಿಸಿದರೇ ಹೊರತು ಒಪ್ಪಲಿಲ್ಲ.

ಸೊಸೆ ಒಳಗಿನಿಂದ ಬಂದು ಒಂದೇ ಮಾತಿನಲ್ಲಿ ಮುಗಿಸಿದರು. "ಜನರೇಟರಿನ ಹಾಗೆ ಮಾವ. ಡೀಸೆಲ್ ನಮ್ಮದು, ಓಡಿದಷ್ಟಕ್ಕೆ ಬಿಲ್. ಸರ್ವಿಸಿನವನಿಗೆ ಎ.ಎಂ.ಸಿ. ಬೇರೆ."

ಇಷ್ಟು ವರ್ಷ ನನಗೆ ಹೊಳೆಯದ ಮಾತು. ಅಲ್ಲೇ ಹಾಳೆಯಲ್ಲಿ ಎರಡು ಕಂಬ ಎಳೆದು ಬರೆದೆ. ಒಂದರಲ್ಲಿ ಡೊಮೇನಿನ ಬಿಲ್, ಬಂದಷ್ಟು. ಈ ಸಲ ಜಿ.ಎಸ್.ಟಿ. ಸೇರಿ 1,250. ಅದನ್ನು ನೀವೇ ಕಂಪನಿಗೆ ಕಟ್ಟುತ್ತೀರಿ, ನನ್ನ ಕೈಗೆ ಬರುವುದೇ ಇಲ್ಲ. ಇನ್ನೊಂದರಲ್ಲಿ ನನ್ನದು 3,000. ಅದರಲ್ಲಿ ವರ್ಷಕ್ಕೆ ನಾಲ್ಕು ಸಲ ಬದಲಾವಣೆ, ಮೂರು ತಿಂಗಳಿಗೊಮ್ಮೆ ಪ್ರತಿಯೊಂದು ಕೊಂಡಿ ಒತ್ತಿ ನೋಡುವುದು, ಹೆಸರಿನ ಅವಧಿಗೆ 30 ದಿನ ಮೊದಲು ನೆನಪಿಸುವುದು. ಐದನೇ ಬದಲಾವಣೆಯಿಂದ ಒಂದಕ್ಕೆ 300.

ಮೂರು ಸಾವಿರ ಎಲ್ಲಿಂದ ಬಂತು? ಹೋದ ವರ್ಷ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬ ಗಿರಾಕಿಯ ಫೋನು, ವಾಟ್ಸಾಪು, ತಿದ್ದುಪಡಿ ಎಲ್ಲ ಗುರುತು ಹಾಕಿಟ್ಟಿದ್ದೆ. ಸರಾಸರಿ ಎಂಟು ತಾಸು. ತಾಸಿಗೆ 375 ಬಿತ್ತು. ಅದಕ್ಕಿಂತ ಕಡಿಮೆಯಾದರೆ ಫೋನು ಎತ್ತಲು ಬೇಸರ ಬರುತ್ತದೆ, ಬೇಸರ ಬಂದ ವರ್ಷವೇ ಹೆಸರು ಹೋಗುವುದು. ಬೆಂಗಳೂರಿನ ಹುಡುಗನಿಗೆ ಆದದ್ದೂ ಅದೇ ಇರಬೇಕು.

ಜಿ.ಎಸ್.ಟಿ. ಬಿಲ್ ಕೊಡ್ತೀಯಾ ಎಂದೂ ಕೇಳಿದರು. ಸೇವೆ ಕೊಡುವವರಿಗೆ ವಹಿವಾಟು ವರ್ಷಕ್ಕೆ 20 ಲಕ್ಷ ದಾಟಿದರೆ ನೋಂದಣಿ. ನಾನು ಆ ಊರಿನ ಬಸ್ಸೇ ಹತ್ತಿಲ್ಲ. ಸಾದಾ ರಸೀದಿ.

ಜುಲೈ 11, ಶುಕ್ರವಾರ

ಹೆಸರು ವರ್ಗಾಯಿಸುವ ಕೆಲಸ. ಬೇರೆ ರಿಜಿಸ್ಟ್ರಾರಿಗೆ ಒಯ್ಯಬೇಕಾದರೆ ಕೋಡು ತೆಗೆಯಬೇಕು, ದಿನಗಟ್ಟಲೆ ಕಾಯಬೇಕು. ಅದೇ ಕಂಪನಿಯಲ್ಲಿ ಯಜಮಾನರ ಹೆಸರಲ್ಲೊಂದು ಖಾತೆ ತೆರೆದು ಅಲ್ಲಿಗೆ ತಳ್ಳಿದರೆ ಅರ್ಧ ತಾಸಿನ ಕೆಲಸ. ಹುಡುಗ ಬೆಂಗಳೂರಿನಿಂದ ತಳ್ಳಿದ, ನಾವಿಲ್ಲಿ ಸ್ವೀಕರಿಸಿದೆವು. ಮಾಲೀಕರ ಕಾಲಮ್ಮಿನಲ್ಲಿ ಯಜಮಾನರ ಹೆಸರು, ಮಂಟಪದ ವಿಳಾಸ, ಅವರ ಜೀಮೇಲು. ಪಾಸ್‌ವರ್ಡನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿ ಇಟ್ಟುಕೊಂಡರು, ಒಡವೆಯ ಪಕ್ಕ. ಸೈಟನ್ನೂ ಅದೇ ಜೀಮೇಲಿನಲ್ಲಿ ಶುರು ಮಾಡಿ ನನ್ನನ್ನು ಬರೀ ಎಡಿಟರ್ ಮಾಡಿಕೊಂಡೆ. ನಾಳೆ ನನ್ನನ್ನು ಬಿಡಿಸಬೇಕೆಂದರೆ ಒಂದು ಗುಂಡಿ ಒತ್ತಿದರಾಯಿತು.

ಜುಲೈ 14, ಸೋಮವಾರ

ಬರಹವನ್ನು ಸೊಸೆ ಕೊಟ್ಟರು, ಪ್ರೆಸ್ಸಿನಿಂದ ತಂದ ಫೈಲು. ಸೈಟಿಗೆ ಅಂಟಿಸಿದರೆ ಒಂದಕ್ಷರ ಕನ್ನಡವಿಲ್ಲ, ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಳೇ ನುಡಿ ಅಕ್ಷರದ ಫೈಲು. ಅಲ್ಲಿ ಕನ್ನಡ ಎಂಬುದು ಇಂಗ್ಲಿಷ್ ಸಂಕೇತಗಳ ಮೇಲೆ ಹೊದೆಸಿದ ವೇಷ. ಆ ಫಾಂಟು ತೆಗೆದರೆ ವೇಷ ಕಳಚುತ್ತದೆ. ಯೂನಿಕೋಡಿಗೆ ಪರಿವರ್ತಿಸಿ ಮತ್ತೆ ಹಾಕಿದೆ. ಪರಿವರ್ತಿಸಿದ್ದನ್ನು ಓದದೆ ಹಾಕಬಾರದು. ಅರ್ಕಾವೊತ್ತು ಇರುವ ಮಾತುಗಳಲ್ಲಿ ಎರಡು ತಪ್ಪಿದ್ದವು, "ಮುಹೂರ್ತ" ಬೇರೇನೋ ಆಗಿತ್ತು. ಮದುವೆ ಮಂಟಪದ ಸೈಟಿನಲ್ಲಿ!

ಫೋಟೊ ಒಂದೊಂದೂ ಐದು ಎಂ.ಬಿ. 1,600 ಪಿಕ್ಸೆಲ್ ಅಗಲಕ್ಕೆ ಇಳಿಸಿದೆ, 300 ಕೆ.ಬಿ. ಒಳಗೆ ಬಂದವು. ಮಳೆಗಾಲದಲ್ಲಿ ಇಲ್ಲಿನ ಸಿಗ್ನಲ್ ನಂಬಿ ಐದು ಎಂ.ಬಿ. ಫೋಟೊ ಹಾಕುವವನು ನೋಡುವವರ ವೈರಿ.

ಖಾಲಿ ದಿನಗಳಿಗೆ ಗೂಗಲ್ ಕ್ಯಾಲೆಂಡರ್. ಬುಕಿಂಗ್ ಆದಾಗ ಸೊಸೆ ಫೋನಿನಲ್ಲೇ ತುಂಬುತ್ತಾರೆ, ಸೈಟಿನಲ್ಲಿ ತಾನಾಗಿ ಕಾಣುತ್ತದೆ. ಕೂರಿಸಿ ನೋಡಿದೆ, ನವೆಂಬರಿನ ಒಂದು ದಿನದ ಮೇಲೆ ಮದುಮಗಳ ತಂದೆಯ ಹೆಸರು, ಫೋನ್ ನಂಬರು, "ಅಡ್ವಾನ್ಸ್ 25,000 ಬಂತು" ಎಂಬುದೆಲ್ಲ ಊರಿಗೇ ಕಾಣುವಂತೆ! ಹಂಚಿಕೆಯ ಸೆಟ್ಟಿಂಗಿನಲ್ಲಿ, ಬಿಡುವೋ ಇಲ್ಲವೋ ಎಂಬುದನ್ನು ಮಾತ್ರ ತೋರಿಸುವ ಆಯ್ಕೆ ಹಾಕಿದ ಮೇಲೆ ಬರೀ "ಬ್ಯುಸಿ" ಎಂದು ಬಂತು. ಬೇರೆ ಬ್ರೌಸರಿನಲ್ಲಿ ಲಾಗಿನ್ ಆಗದೆ ನೋಡಿದ್ದಕ್ಕೆ ಈ ಪರೀಕ್ಷೆ ಪೂರ್ತಿಯಾಯಿತು. ನಮ್ಮದೇ ಲಾಗಿನ್ನಿನಲ್ಲಿ ನೋಡಿದರೆ ಯಾವಾಗಲೂ ಎಲ್ಲ ಕಾಣುತ್ತದೆ, ಏನು ಬಯಲಾಗಿದೆ ಎಂದು ತಿಳಿಯುವುದಿಲ್ಲ.

ಜುಲೈ 17, ಗುರುವಾರ

ಡೊಮೇನ್ ಜೋಡಿಸಿದೆ. ರಿಜಿಸ್ಟ್ರಾರಿನ ಡಿ.ಎನ್.ಎಸ್. ಪುಟದಲ್ಲಿ ಹಳೇ ಹೋಸ್ಟಿಂಗಿನ ಸಾಲುಗಳನ್ನು ಅಳಿಸಿ ಇವೆರಡನ್ನು ಹಾಕಿದ್ದು:

```
www   CNAME   ghs.googlehosted.com
@     TXT     google-site-verification=...
```

ಎರಡನೆಯದು ಹೆಸರು ನಮ್ಮದೇ ಎಂದು ಗೂಗಲ್ಲಿಗೆ ತೋರಿಸಲು. ಕ್ಯಾಲೆಂಡರಿನಲ್ಲಿ ಅಚ್ಚಾದದ್ದು www ಇಲ್ಲದ ವಿಳಾಸ, ಅದನ್ನು www ಇರುವುದಕ್ಕೆ ಕಳಿಸುವ ಫಾರ್ವರ್ಡಿಂಗ್ ಬೇರೆ ಹಾಕಬೇಕಾಯಿತು. ಬಹಳ ಜನ ಮರೆಯುವುದು ಇದನ್ನೇ. ತಾವು www ಹಾಕಿ ನೋಡುತ್ತಾರೆ, ಸರಿಯಿದೆ ಅನ್ನುತ್ತಾರೆ. ಗಿರಾಕಿ ಹಾಗೇ ಒತ್ತುತ್ತಾನೆ, ಏನೂ ಬರುವುದಿಲ್ಲ.

ವಾಟ್ಸಾಪ್ ಗುಂಡಿಯೂ ಮೊದಲ ಸಲ ತೆರೆಯಲಿಲ್ಲ. wa.me ನಂತರ ದೇಶದ ಸಂಖ್ಯೆ 91, ಆಮೇಲೆ ಹತ್ತು ಅಂಕೆ, ಅಷ್ಟೇ. ನಾನು ಅಭ್ಯಾಸಬಲದಿಂದ ಮುಂದೊಂದು ಸೊನ್ನೆ ಸೇರಿಸಿದ್ದೆ.

ರಾತ್ರಿ ಎಂಟಕ್ಕೆ ಸೈಟು ಬಂತು. ಯಜಮಾನರು ಅಮೆರಿಕದ ಮಗಳಿಗೆ ಕಳಿಸಿದರು. ಅವಳು ಊಟದ ಮನೆಯ ಫೋಟೊ ನೋಡಿ ಅತ್ತಳಂತೆ. ದರಪಟ್ಟಿಯಲ್ಲಿ ಅದಕ್ಕೆ ಕಾಲಮ್ಮಿಲ್ಲ.

ಜುಲೈ 21, ಸೋಮವಾರ

ಜೋಗದ ದಾರಿಯ ಹೋಂಸ್ಟೇಯವರ ಫೋನು. ಅವರದು ವಿದೇಶಿ ಬಿಲ್ಡರಿನಲ್ಲಿ ದುಡ್ಡು ಕಟ್ಟಿ ಮಾಡಿದ ಸೈಟು. ಈಗ ಮೇಲ್ಗಡೆ ಬಿಲ್ಡರಿನದೇ ಜಾಹೀರಾತು, ಸ್ವಂತ ವಿಳಾಸ ಕಳಚಿದೆ. ಪುಟಗಳೇನೂ ಹೋಗಿಲ್ಲ, ಪ್ಲಾನ್ ಮುಗಿದು ಪುಕ್ಕಟೆಯದಕ್ಕೆ ಇಳಿದಿದೆ.

ಕಾರ್ಡಿನಿಂದ ತಾನಾಗಿ ಕಡಿತವಾಗುತ್ತದೆ ಎಂದು ನಂಬಿ ಕೂತಿದ್ದರು. 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮ ಬೇರೆ. ಮರುಕಳಿಸುವ ಕಡಿತಕ್ಕೆ ಮೊದಲೇ ಓ.ಟಿ.ಪಿ. ಕೊಟ್ಟು ಅನುಮತಿ ನೋಂದಾಯಿಸಿರಬೇಕು, ಕಡಿತಕ್ಕೆ 24 ಗಂಟೆ ಮುಂಚೆ ಬ್ಯಾಂಕು ತಿಳಿಸಬೇಕು. ಈ ಏರ್ಪಾಡಿಗೆ ಸೇರದ ಕಂಪನಿ ದುಡ್ಡು ಕೇಳಿದರೆ ಬ್ಯಾಂಕು ಇಲ್ಲವೆನ್ನುತ್ತದೆ. ಸೂಚನೆಯ ಮೇಲ್ ಬಂದಿರುತ್ತದೆ, ಯಾರು ನೋಡುತ್ತಾರೆ? ಕೂತು ಕೈಯಾರೆ ಕಟ್ಟಿಸಿದೆ, ಸೈಟು ಹಿಂದಿನ ಹಾಗಾಯಿತು.

ಇನ್ನೊಂದು ಗುಟ್ಟನ್ನು ಇಲ್ಲಿ ಮಾತ್ರ ಬರೆಯಬಹುದು. ಇವರಿಗೆ ನಾನು ಎಲ್ಲ ಸೇರಿ ವರ್ಷಕ್ಕೆ 5,000 ಎಂದು ಒಪ್ಪಿದ್ದೆ. ಮೊದಲ ವರ್ಷ ಬಿಲ್ಡರಿನ ರಿಯಾಯಿತಿ ದರ 2,400 ನೋಡಿ ಖುಷಿಪಟ್ಟಿದ್ದೆ. ಇವತ್ತಿನ ಬಿಲ್, ರಿಯಾಯಿತಿಯಿಲ್ಲದೆ, 5,800. ಎಂಟುನೂರು ನನ್ನ ಜೇಬಿನಿಂದ, ಕೆಲಸ ಬಿಟ್ಟಿ. ದರ ಹೇಳುವ ಮುಂಚೆ ಎರಡನೇ ವರ್ಷದ ಬೆಲೆ ನೋಡಬೇಕಿತ್ತು. ಡೊಮೇನೂ ಹಾಗೇ, ಮೊದಲ ವರ್ಷದ್ದು ಮಾವನ ಮನೆ ಉಪಚಾರ. ಮುಂದಿನ ವರ್ಷದಿಂದ ಇವರಿಗೂ ಎರಡು ಕಂಬದ ಹಾಳೆ.

ಜುಲೈ 27, ಭಾನುವಾರ

ಶ್ರಾವಣ ಶುರುವಾಗಿ ಮೂರನೇ ದಿನ, ಮಂಟಪಕ್ಕೆ ವಿಚಾರಿಸುವವರು ಬರುವ ಹೊತ್ತು. ಬೆಳಿಗ್ಗೆ ಏಳಕ್ಕೆ ಯಜಮಾನರ ಫೋನು. ಸೈಟು ಮತ್ತೆ ಇಲ್ಲ! ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಡಿ.ಎನ್.ಎಸ್. ನೋಡಿದೆ, ಸರಿಯಿದೆ. ಗೂಗಲ್ಲಿನಲ್ಲಿ ಸೈಟು ಇದೆ. ಮತ್ತೆ lookup.icann.org ಗೆ ಹೋದೆ. ಸ್ಥಿತಿಯಲ್ಲಿ ಹೊಸದೊಂದು ಮಾತು: clientHold. ರಿಜಿಸ್ಟ್ರಾರೇ ಹೆಸರನ್ನು ತಡೆಹಿಡಿದಿದೆ.

ಹದಿನಾರು ದಿನ ಹಿಂದಕ್ಕೆ ಎಣಿಸಿದಾಗ ಹೊಳೆಯಿತು. ಮಾಲೀಕರ ವಿವರ ಬದಲಾದರೆ ಹೊಸ ಮೇಲಿಗೆ ಒಂದು ಕೊಂಡಿ ಬರುತ್ತದೆ, 15 ದಿನದೊಳಗೆ ಅದನ್ನೊತ್ತಿ ಮೇಲು ತಮ್ಮದೇ ಎಂದು ಖಚಿತಪಡಿಸಬೇಕು. ಐಕ್ಯಾನಿನ ನಿಯಮ. ತಪ್ಪಿದರೆ ಹೆಸರು ಅಮಾನತು. 11ರಂದು ನಾನೇ ಎದುರು ಕೂತು ವಿವರ ಬದಲಿಸಿದ್ದು, ಮೇಲು ಬರುವತನಕ ಕಾಯದೆ ಎದ್ದು ಬಂದದ್ದೂ ನಾನೇ.

ಮಳೆಯಲ್ಲೇ ಹೋದೆ. ಯಜಮಾನರ ಜೀಮೇಲಿನಲ್ಲಿ ಓದದ ಮೇಲು ನಾಲ್ಕು ಸಾವಿರದ ಚಿಲ್ಲರೆ. ಸ್ಪ್ಯಾಮಿನೊಳಗೆ ಸಿಕ್ಕಿತು. ಪಕ್ಕದಲ್ಲೇ ಇನ್ನೊಂದು, ಯಾವುದೋ ಬೇರೆ ಕಂಪನಿಯದು, ನಿಮ್ಮ ಡೊಮೇನಿನ ನೋಂದಣಿ ಮುಗಿಯುತ್ತಿದೆ, ತಕ್ಷಣ ಇಷ್ಟು ಡಾಲರ್ ಕಟ್ಟಿ ಎಂದು. ಅದು ಬಲೆ. ನಿಜವಾದದ್ದು ಕೊಂಡ ಕಂಪನಿಯಿಂದ ಮಾತ್ರ ಬರುತ್ತದೆ, ಮತ್ತು ಈ ಖಚಿತಪಡಿಸುವ ಮೇಲು ದುಡ್ಡು ಕೇಳುವುದಿಲ್ಲ. ಸರಿಯಾದದ್ದನ್ನು ಒತ್ತಿದೆವು. ಮಧ್ಯಾಹ್ನದ ಹೊತ್ತಿಗೆ ಸೈಟು ಬಂತು.

ನನ್ನ ತಪ್ಪು ಎಂದು ಹೇಳಿದೆ. "ಹೋಗ್ಲಿ ಬಿಡು, ಊಟ ಮಾಡ್ಕೊಂಡು ಹೋಗು" ಅಂದರು.

ಆಗಸ್ಟ್ 9, ಶನಿವಾರ

ಉಳಿದ ಐದು ಸಾವಿರ ಮತ್ತು ವರ್ಷದ ಮೂರು ಸಾವಿರ ಬಂತು. ಒಂದು ಹಾಳೆಯ ಕರಾರನ್ನು ಕನ್ನಡದಲ್ಲೇ ಬರೆದೆವು. ಗೂಗಲ್ಲಿನಲ್ಲಿ ಮೊದಲ ಸಾಲಿನಲ್ಲಿ ಬರಿಸುತ್ತೇನೆ ಎಂಬ ಭರವಸೆ ಅದರಲ್ಲಿಲ್ಲ ಎಂಬುದನ್ನೂ ಬರೆದಿದ್ದೇನೆ. ಅದು ನನ್ನ ಕೈಯಲ್ಲಿಲ್ಲ. ಕರಾರು ಮುಗಿದರೆ ಎಡಿಟರ್ ಹಕ್ಕು ತೆಗೆಯುವುದು ಹೇಗೆಂದು ಕೊನೆಯ ಸಾಲು.

ಸೊಸೆ ಬುಕಿಂಗ್ ರಿಜಿಸ್ಟರ್ ತಂದರು. ಮುಂದಿನ ಜೂನ್ 9ಕ್ಕೆ ಹೆಸರಿನ ಅವಧಿ. ಆಗ ಅಧಿಕ ಜ್ಯೇಷ್ಠ, ಮಂಟಪ ಖಾಲಿ, ಯಾರೂ ರಿಜಿಸ್ಟರ್ ತೆರೆಯುವುದಿಲ್ಲ. ಹಾಗಾಗಿ 30 ದಿನ ಹಿಂದಕ್ಕೆ, 2026ರ ಮೇ 10ರ ಪುಟದಲ್ಲಿ, ಒಂದು ಮದುವೆಯ ಬುಕಿಂಗಿನ ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದರು: "ಹೆಸರಿಗೆ ದುಡ್ಡು ಕಟ್ಟುವುದು. ಸ್ಪ್ಯಾಮ್ ನೋಡುವುದು."